ಚಲಿಸುವ ಸರಾಸರಿ ಫಿಲ್ಟರ್: ಎಲ್ಲಿ ಸೊನ್ನೆ, ಎಲ್ಲಿ ಸೋರಿಕೆ

ಪೀಣ್ಯ ಕೈಗಾರಿಕಾ ಪ್ರದೇಶದ ಒಂದು ಸಣ್ಣ ಘಟಕದಲ್ಲಿ ಕಾಫಿಪುಡಿಯನ್ನು ಚೀಲಕ್ಕೆ ತುಂಬಿ ತೂಗುವ ಯಂತ್ರವಿದೆ ಎಂದುಕೊಳ್ಳೋಣ. ತಟ್ಟೆಯ ಕೆಳಗಿರುವ ಲೋಡ್ ಸೆಲ್‌ನಿಂದ ಬರುವ ಸಂಕೇತವನ್ನು ಮೈಕ್ರೋಕಂಟ್ರೋಲರ್ ಸೆಕೆಂಡಿಗೆ 1000 ಬಾರಿ ಅಳೆಯುತ್ತದೆ, ಇತ್ತೀಚಿನ 20 ಅಳತೆಗಳ ಸರಾಸರಿಯನ್ನು ಲೆಕ್ಕ ಹಾಕುತ್ತದೆ, ಆ ಸರಾಸರಿಯನ್ನು ಸೆಕೆಂಡಿಗೆ 10 ಬಾರಿ ಪರದೆಯ ಮೇಲೆ ತೋರಿಸುತ್ತದೆ. ಬೆಸ್ಕಾಂ ಪೂರೈಸುವ ವಿದ್ಯುತ್ತಿನ 50 ಹರ್ಟ್ಸ್ ಹಮ್ ತಂತಿಗಳ ಮೂಲಕ ಸಂಕೇತದಲ್ಲಿ ಸೇರಿಕೊಳ್ಳುತ್ತದೆ. ಅದರ ಜೊತೆಗೆ, ಪಕ್ಕದ ಗೋಡೆಯಲ್ಲಿ ಮೂರು ರೆಕ್ಕೆಗಳ ಎಕ್ಸಾಸ್ಟ್ ಫ್ಯಾನ್ ಒಂದು ತಿರುಗುತ್ತಿದೆ. ಅದರ ಮೋಟಾರ್ ನಿಮಿಷಕ್ಕೆ 1440 ಸುತ್ತು, ಅಂದರೆ ಸೆಕೆಂಡಿಗೆ 24 ಸುತ್ತು ತಿರುಗುವುದರಿಂದ ರೆಕ್ಕೆಗಳು ಸೆಕೆಂಡಿಗೆ 72 ಬಾರಿ ಗಾಳಿಯನ್ನು ಬಡಿಯುತ್ತವೆ, ಮತ್ತು ಆ ಬಡಿತ ಮೇಜಿನ ಮೂಲಕ ತಟ್ಟೆಯನ್ನೂ ನಡುಗಿಸುತ್ತದೆ.

ಇಂಥ ಯಂತ್ರದಲ್ಲಿ 50 ಹರ್ಟ್ಸ್ ಹಮ್ ಸಂಪೂರ್ಣವಾಗಿ ಮಾಯವಾಗುತ್ತದೆ, ಆದರೆ ಪರದೆಯ ಮೇಲಿನ ತೂಕ ಸೆಕೆಂಡಿಗೆ ಎರಡು ಬಾರಿ ಮೇಲೆ ಕೆಳಗೆ ತೂಗಾಡುತ್ತಿರುತ್ತದೆ. ಇನ್ನಷ್ಟು ಅಳತೆಗಳ ಸರಾಸರಿ ತೆಗೆದುಕೊಂಡರೆ ಸರಿಹೋಗುತ್ತದೆ ಎಂಬ ನಂಬಿಕೆಯಿಂದ 20ನ್ನು 30ಕ್ಕೆ ಏರಿಸಿದರೆ, ಮೊದಲು ಇಲ್ಲವಾಗಿದ್ದ 50 ಹರ್ಟ್ಸ್ ಹಮ್ ತನ್ನ ಐದನೆಯ ಒಂದು ಭಾಗಕ್ಕಿಂತ ಹೆಚ್ಚಿನ ಬಲದಲ್ಲಿ ಹಿಂದಿರುಗುತ್ತದೆ. ಹೆಚ್ಚು ಅಳತೆಗಳನ್ನು ಸೇರಿಸಿದ ಸರಾಸರಿ ಕಡಿಮೆ ಅಳತೆಗಳ ಸರಾಸರಿಗಿಂತ ಕೆಟ್ಟದಾಗಲು ಹೇಗೆ ಸಾಧ್ಯ ಎಂಬ ಪ್ರಶ್ನೆಗೆ ಉತ್ತರ ಸಿಗಬೇಕಾದರೆ, ಚಲಿಸುವ ಸರಾಸರಿ ಎಂಬ ಈ ಫಿಲ್ಟರನ್ನು ಕಾಲದ ಬದಲು ಆವರ್ತನದ ಕಡೆಯಿಂದ ನೋಡಬೇಕು.

ಒಂದು ಶುದ್ಧ ಸೈನ್ ಅಲೆಯನ್ನು ಚಲಿಸುವ ಸರಾಸರಿಯ ಮೂಲಕ ಹಾಯಿಸಿದರೆ ಹೊರಗೆ ಬರುವುದೂ ಅದೇ ಆವರ್ತನದ ಸೈನ್ ಅಲೆಯೇ. ಬದಲಾಗುವುದು ಅದರ ಎತ್ತರ ಮತ್ತು ಅದು ತಡವಾಗಿ ಬರುವ ಪ್ರಮಾಣ ಮಾತ್ರ. ಹೊರಬಂದ ಅಲೆಯ ಎತ್ತರವನ್ನು ಒಳಹೋದ ಅಲೆಯ ಎತ್ತರದಿಂದ ಭಾಗಿಸಿದಾಗ ಸಿಗುವ ಸಂಖ್ಯೆಯೇ ಆ ಆವರ್ತನದಲ್ಲಿ ಫಿಲ್ಟರಿನ ಗೇನ್. ಪ್ರತಿಯೊಂದು ಆವರ್ತನಕ್ಕೂ ಈ ಗೇನನ್ನು ಗುರುತಿಸಿ ಎಳೆದ ಗೆರೆಯನ್ನು ಆವರ್ತನ ಪ್ರತಿಕ್ರಿಯೆ ಎನ್ನುತ್ತೇವೆ. ಒಳ್ಳೆಯ ಲೋ-ಪಾಸ್ ಫಿಲ್ಟರಿನಲ್ಲಿ ಈ ಗೆರೆ ಒಂದು ಮಿತಿಯವರೆಗೆ 1ರ ಹತ್ತಿರ ಮಟ್ಟಸವಾಗಿರಬೇಕು, ಅಲ್ಲಿಂದ ಬೇಗ ಇಳಿಯಬೇಕು, ಇಳಿದ ಮೇಲೆ ಕೆಳಗೇ ಉಳಿಯಬೇಕು. ಚಲಿಸುವ ಸರಾಸರಿ ಈ ಮೂರರಲ್ಲಿ ಒಂದನ್ನೂ ಸರಿಯಾಗಿ ಮಾಡುವುದಿಲ್ಲ.

ಮೊದಲು ಸೊನ್ನೆಗಳನ್ನು ನೋಡೋಣ. 1000 ಹರ್ಟ್ಸ್ ವೇಗದಲ್ಲಿ ತೆಗೆದ 20 ಅಳತೆಗಳು ಒಟ್ಟು 20 ಮಿಲಿಸೆಕೆಂಡಿನ ಒಂದು ಕಿಟಕಿಯನ್ನು ಆವರಿಸುತ್ತವೆ. 50 ಹರ್ಟ್ಸ್ ಅಲೆಯ ಒಂದು ಆವರ್ತಕ್ಕೆ ಬೇಕಾಗುವ ಕಾಲವೂ 20 ಮಿಲಿಸೆಕೆಂಡೇ. ಆದ್ದರಿಂದ ಕಿಟಕಿ ಎಲ್ಲಿಂದ ಶುರುವಾದರೂ ಅದರೊಳಗೆ ಅಲೆಯ ಸರಿಯಾಗಿ ಒಂದು ಪೂರ್ಣ ಆವರ್ತ ಬೀಳುತ್ತದೆ. ಅನುಕ್ರಮವಾದ ಎರಡು ಅಳತೆಗಳ ನಡುವೆ ಅಲೆ 18 ಡಿಗ್ರಿ ಮುಂದೆ ಸರಿಯುವುದರಿಂದ, ಮೊದಲನೆಯ ಅಳತೆಗೆ ಹನ್ನೊಂದನೆಯದು 180 ಡಿಗ್ರಿ ಎದುರಾಗಿರುತ್ತದೆ, ಎರಡನೆಯದಕ್ಕೆ ಹನ್ನೆರಡನೆಯದು, ಮೂರನೆಯದಕ್ಕೆ ಹದಿಮೂರನೆಯದು. ಹೀಗೆ ಹತ್ತು ಜೋಡಿಗಳೂ ಒಂದನ್ನೊಂದು ಪೂರ್ತಿಯಾಗಿ ಅಳಿಸಿ ಹಾಕುವುದರಿಂದ ಸರಾಸರಿ ಸೊನ್ನೆಯಾಗುತ್ತದೆ. ಅಲೆ ಎಷ್ಟೇ ದೊಡ್ಡದಿರಲಿ, ಎಲ್ಲಿಂದ ಆರಂಭವಾಗಿರಲಿ, ಈ ಲೆಕ್ಕ ಬದಲಾಗುವುದಿಲ್ಲ. 100 ಹರ್ಟ್ಸ್ ಅಲೆಯ ಎರಡು ಪೂರ್ಣ ಆವರ್ತಗಳು, 150 ಹರ್ಟ್ಸ್ ಅಲೆಯ ಮೂರು ಪೂರ್ಣ ಆವರ್ತಗಳು ಅದೇ ಕಿಟಕಿಯಲ್ಲಿ ಹಿಡಿಯುವುದರಿಂದ ಅವುಗಳಿಗೂ ಇದೇ ಗತಿ.

ಅಂದರೆ ಸ್ಯಾಂಪ್ಲಿಂಗ್ ವೇಗ fs, ಅಳತೆಗಳ ಸಂಖ್ಯೆ N ಆಗಿದ್ದರೆ, ಶೂನ್ಯ ಬಿಂದುಗಳು fs/N, 2fs/N, 3fs/N ಹೀಗೆ ಸಮಾನ ಅಂತರದಲ್ಲಿ fs/2ರವರೆಗೆ ಬೀಳುತ್ತವೆ. ನಮ್ಮ ಯಂತ್ರದಲ್ಲಿ ಅವು 50ರ ಗುಣಕಗಳ ಮೇಲೆ, ಅಂದರೆ 500 ಹರ್ಟ್ಸ್‌ವರೆಗಿನ ಹತ್ತು ಕಡೆಗಳಲ್ಲಿ ಇವೆ. ಕಿಟಕಿಯ ಒಟ್ಟು ಕಾಲಾವಧಿಯೇ ಇಲ್ಲಿ ಮುಖ್ಯವೆಂಬುದನ್ನು ಗಮನಿಸಬೇಕು. 2000 ಹರ್ಟ್ಸ್ ವೇಗದಲ್ಲಿ 40 ಅಳತೆ ತೆಗೆದುಕೊಂಡರೂ ಕಿಟಕಿ 20 ಮಿಲಿಸೆಕೆಂಡೇ ಆಗಿರುವುದರಿಂದ ಮೊದಲ ಸೊನ್ನೆ 50 ಹರ್ಟ್ಸ್‌ನಲ್ಲೇ ಇರುತ್ತದೆ.

ಈ ಸೊನ್ನೆಗಳು ಕೈಗೆ ಸಿಗುವಷ್ಟು ಅಗಲವಾಗಿವೆಯೇ ಎಂಬುದು ಸಹಜವಾದ ಅನುಮಾನ, ಏಕೆಂದರೆ ವಿದ್ಯುತ್ ಜಾಲದ ಆವರ್ತನ ಸದಾ ಕರಾರುವಾಕ್ಕಾಗಿ 50 ಆಗಿರುವುದಿಲ್ಲ. 50 ಹರ್ಟ್ಸ್‌ನ ಆಸುಪಾಸಿನಲ್ಲಿ ನಮ್ಮ ಫಿಲ್ಟರಿನ ಗೇನ್ ಪ್ರತಿ 1 ಹರ್ಟ್ಸ್ ವ್ಯತ್ಯಾಸಕ್ಕೆ ಸುಮಾರು 0.02ರಷ್ಟು ಏರುತ್ತದೆ. ಜಾಲ 49.9ಕ್ಕೆ ಇಳಿದರೆ ಹಮ್‌ನ ಐನೂರನೆಯ ಒಂದು ಭಾಗ ಮಾತ್ರ ಉಳಿಯುವುದರಿಂದ ಅಲ್ಲಿ ಚಿಂತೆಯಿಲ್ಲ. ಹೆಚ್ಚು ಗಮನ ಬೇಕಾಗಿರುವುದು ಮೈಕ್ರೋಕಂಟ್ರೋಲರಿನ ಗಡಿಯಾರಕ್ಕೆ. ಕ್ರಿಸ್ಟಲ್ ಹಾಕದೆ ಚಿಪ್ಪಿನೊಳಗಿನ ಆರ್‌ಸಿ ಆಸಿಲೇಟರನ್ನೇ ನಂಬಿದಾಗ ಅದು ಶೇ. 2ರಷ್ಟು ವೇಗವಾಗಿ ಓಡಿದರೆ ಸೊನ್ನೆ 51 ಹರ್ಟ್ಸ್‌ಗೆ ಸರಿಯುತ್ತದೆ, ಮತ್ತು ಹಮ್‌ನ ಶೇ. 2ರಷ್ಟು ಭಾಗ ಹೊರಗೆ ಸೋರುತ್ತದೆ.

ಈಗ ಸೊನ್ನೆಗಳ ನಡುವಿನ ಜಾಗಕ್ಕೆ ಬರೋಣ, ತೊಂದರೆ ಇರುವುದು ಅಲ್ಲಿಯೇ. 75 ಹರ್ಟ್ಸ್‌ನ ಅಲೆಯೊಂದನ್ನು ತೆಗೆದುಕೊಂಡರೆ 20 ಮಿಲಿಸೆಕೆಂಡಿನಲ್ಲಿ ಅದರ ಒಂದೂವರೆ ಆವರ್ತ ಹಿಡಿಯುತ್ತದೆ. ಒಂದು ಪೂರ್ಣ ಆವರ್ತ ತನ್ನನ್ನು ತಾನೇ ಅಳಿಸಿಕೊಳ್ಳುತ್ತದೆ, ಉಳಿದ ಅರ್ಧ ಆವರ್ತಕ್ಕೆ ಜೊತೆ ಸಿಗುವುದಿಲ್ಲ. ಕಿಟಕಿಯ ಮೂರನೆಯ ಒಂದು ಭಾಗವನ್ನು ಆವರಿಸುವ ಆ ಅರ್ಧ ಆವರ್ತ ಪೂರ್ತಿಯಾಗಿ ಒಂದೇ ಕಡೆಯ ಉಬ್ಬಾಗಿ ಬಿದ್ದಾಗ ಅದರ ಸರಾಸರಿ ಎತ್ತರ ಅಲೆಯ ಎತ್ತರದ 0.637, ಅಂದರೆ 2/π ಪಾಲು. ಎರಡನ್ನೂ ಗುಣಿಸಿದರೆ 0.212 ಬರುತ್ತದೆ. ಹೀಗೆ ಸೊನ್ನೆಗಳ ನಡುವೆ ಎದ್ದು ನಿಲ್ಲುವ ಉಬ್ಬುಗಳನ್ನು ಸೈಡ್ ಲೋಬ್ ಎಂದು ಕರೆಯುತ್ತಾರೆ. ಮುಂದಿನ ಉಬ್ಬಿನಲ್ಲಿ ಕಿಟಕಿಯೊಳಗೆ ಎರಡೂವರೆ ಆವರ್ತಗಳಿರುವುದರಿಂದ ಜೊತೆಯಿಲ್ಲದ ಅರ್ಧ ಆವರ್ತ ಕಿಟಕಿಯ ಐದನೆಯ ಒಂದು ಭಾಗವಾಗುತ್ತದೆ ಮತ್ತು ಗೇನ್ ಸುಮಾರು 0.13 ಆಗುತ್ತದೆ. ಉಬ್ಬುಗಳು ಇಳಿಯುವುದು ನಿಜ, ಆದರೆ ಆವರ್ತನ ಇಮ್ಮಡಿಯಾದಾಗ ಎತ್ತರ ಅರ್ಧವಾಗುವಷ್ಟು ನಿಧಾನವಾಗಿ ಮಾತ್ರ.

ಮೇಲಿನದು ಅಂದಾಜು. ಪೂರ್ಣ ಲೆಕ್ಕ ಒಂದೇ ಸಾಲಿನಲ್ಲಿ ಹಿಡಿಯುತ್ತದೆ:

```
H(f) = sin(π·f·N/fs) / ( N · sin(π·f/fs) )
```

f = 0 ಒಂದನ್ನು ಬಿಟ್ಟು, ಮೇಲಿರುವ ಸೈನ್ ಸೊನ್ನೆಯಾದಲ್ಲೆಲ್ಲ ಫಿಲ್ಟರಿನ ಶೂನ್ಯ ಬಿಂದು ಬೀಳುತ್ತದೆ, ಕೆಳಗಿನ ಸೈನ್ ಉಬ್ಬುಗಳ ಎತ್ತರವನ್ನು ನಿರ್ಧರಿಸುತ್ತದೆ. ಫಿಲ್ಟರಿನ ತಡ ಎಲ್ಲ ಆವರ್ತನಗಳಿಗೂ ಒಂದೇ, ಅದು (N-1)/2 ಅಳತೆಗಳಷ್ಟು, ನಮ್ಮಲ್ಲಿ 9.5 ಮಿಲಿಸೆಕೆಂಡು. ಆದ್ದರಿಂದ ಅದನ್ನು ಈ ಸೂತ್ರದಿಂದ ಹೊರಗಿಟ್ಟಿದ್ದೇನೆ. ಬೆಲೆಗಳನ್ನು ಪೈಥಾನ್‌ನಲ್ಲಿ ನೋಡಬಹುದು:

```python
import numpy as np
fs, N = 1000, 20
f = np.array([10, 24, 50, 72, 125])
H = np.sin(np.pi*f*N/fs) / (N*np.sin(np.pi*f/fs))
print(np.round(H, 3))
```

10 ಹರ್ಟ್ಸ್‌ಗೆ 0.936, 24ಕ್ಕೆ 0.662, 50ಕ್ಕೆ ಸೊನ್ನೆ, 72ಕ್ಕೆ -0.219, 125ಕ್ಕೆ 0.131 ಎಂಬ ಉತ್ತರಗಳು ಬರುತ್ತವೆ. 72 ಹರ್ಟ್ಸ್ ಮೊದಲ ಉಬ್ಬಿನ ನೆತ್ತಿಯ ಮೇಲೆಯೇ ಕುಳಿತಿದೆ. ಫ್ಯಾನಿನ ಬಡಿತ ತೂಕದಲ್ಲಿ 10 ಗ್ರಾಂ ಏರಿಳಿತ ಉಂಟುಮಾಡುತ್ತಿದ್ದರೆ ಅದರಲ್ಲಿ 2.2 ಗ್ರಾಂ ಫಿಲ್ಟರನ್ನು ದಾಟಿ ಬರುತ್ತದೆ. ಋಣ ಚಿಹ್ನೆಗೂ ಅರ್ಥವಿದೆ: ಆ 9.5 ಮಿಲಿಸೆಕೆಂಡಿನ ತಡವನ್ನು ಲೆಕ್ಕದಿಂದ ತೆಗೆದು ನೋಡಿದರೆ ಹೊರಬಂದ ಅಲೆ ತಲೆಕೆಳಗಾಗಿರುತ್ತದೆ, ಒಳಗೆ ತೂಕ ಏರಿದ ಕ್ಷಣಕ್ಕೆ ಹೊರಗೆ ಇಳಿದಂತೆ ಕಾಣುತ್ತದೆ.

ಪರದೆ ಸೆಕೆಂಡಿಗೆ 10 ಬಾರಿ ಮಾತ್ರ ಬದಲಾಗುವುದರಿಂದ ಈ ಸೋರಿಕೆ 72 ಹರ್ಟ್ಸ್‌ನ ನಡುಕವಾಗಿ ಕಾಣುವುದೂ ಇಲ್ಲ. ಎರಡು ಓದುಗಳ ನಡುವೆ ಅಲೆ 7.2 ಆವರ್ತ ಮುಗಿಸುತ್ತದೆ, ಕಣ್ಣಿಗೆ ಬೀಳುವುದು ಆ 0.2 ಆವರ್ತ ಮಾತ್ರ. ಹಾಗಾಗಿ ಅಂಕಿಗಳು 2 ಹರ್ಟ್ಸ್‌ನಲ್ಲಿ, ತಟ್ಟೆಯೇ ತೂಗಾಡುತ್ತಿದೆಯೇನೋ ಎಂಬಂತೆ ನಿಧಾನವಾಗಿ ಏರಿಳಿಯುತ್ತವೆ. ಇದನ್ನು ನೋಡಿದವರು ಯಂತ್ರದ ಚೌಕಟ್ಟನ್ನೋ ತಟ್ಟೆಯ ಬೋಲ್ಟುಗಳನ್ನೋ ಅನುಮಾನಿಸುತ್ತಾರೆ. ನಿಜವಾದ ಕಾರಣ ತಿಳಿಯಬೇಕಾದರೆ ಪರದೆಯ ಓದುಗಳನ್ನು ಬಿಟ್ಟು, ಫಿಲ್ಟರಿಗೆ ಹೋಗುವ ಮುಂಚಿನ 1000 ಹರ್ಟ್ಸ್‌ನ ಅಳತೆಗಳನ್ನು ಒಂದೆರಡು ಸೆಕೆಂಡು ದಾಖಲಿಸಿ, ಅದರಲ್ಲಿ ಯಾವ ಆವರ್ತನ ಎಷ್ಟಿದೆ ಎಂದು ತೋರಿಸುವ ಎಫ್‌ಎಫ್‌ಟಿ ನೋಡಬೇಕು. 72ರಲ್ಲಿ ಗೆರೆ ನೆಟ್ಟಗೆ ಎದ್ದು ನಿಂತಿರುತ್ತದೆ, ಫ್ಯಾನ್ ಆರಿಸಿದೊಡನೆ ಅದು ಮಾಯವಾಗುತ್ತದೆ.

ಈಗ 20ನ್ನು 30 ಮಾಡಿದಾಗ ಏನಾಯಿತು ಎಂಬುದು ಸ್ಪಷ್ಟವಾಗುತ್ತದೆ. ಕಿಟಕಿ 30 ಮಿಲಿಸೆಕೆಂಡಾದಾಗ ಸೊನ್ನೆಗಳು 33.3, 66.7, 100 ಹರ್ಟ್ಸ್‌ಗಳಿಗೆ ಸರಿದವು. 50 ಹರ್ಟ್ಸ್ ಅಲೆಯ ಒಂದೂವರೆ ಆವರ್ತ ಈ ಕಿಟಕಿಯಲ್ಲಿ ಹಿಡಿಯುವುದರಿಂದ ಅದು ಉಬ್ಬಿನ ನೆತ್ತಿಗೆ ಬಂದಿತು, ಗೇನ್ 0.213. 72 ಹರ್ಟ್ಸ್‌ನ ಗೇನ್ 0.072ಕ್ಕೆ ಇಳಿಯಿತು, ಆದರೆ ಅದಕ್ಕೆ ತೆತ್ತ ಬೆಲೆ ದೊಡ್ಡದು. ಮೇಲಾಗಿ 50 ಎಂಬುದು ಪರದೆಯ 10ರ ಗುಣಕವಾಗಿರುವುದರಿಂದ, ಜಾಲ 49.95 ಹರ್ಟ್ಸ್‌ನಲ್ಲಿದ್ದಾಗ ಸೋರಿದ ಹಮ್ ಪರದೆಯ ಮೇಲೆ 0.05 ಹರ್ಟ್ಸ್ ಅಲೆಯಾಗಿ, ಅಂದರೆ 20 ಸೆಕೆಂಡಿಗೊಂದು ಆವರ್ತವಾಗಿ ಕಾಣಿಸುತ್ತದೆ. ತೂಕ ಮೆಲ್ಲಗೆ ತೇಲಿ ಹೋಗುತ್ತಿರುವಂತೆ ಕಾಣುವ ಈ ಲಕ್ಷಣವನ್ನು ಉಷ್ಣತೆಯಿಂದಾದ ಡ್ರಿಫ್ಟ್ ಎಂದು ತಪ್ಪು ತಿಳಿಯುವುದು ಬಹಳ ಸುಲಭ.

N ಹೆಚ್ಚಿಸಿದರೆ ಸೊನ್ನೆಗಳು ಒತ್ತೊತ್ತಾಗಿ ಎಡಕ್ಕೆ ಸರಿಯುತ್ತವೆ, ಅವುಗಳ ಜೊತೆ ಉಬ್ಬುಗಳೂ ಸರಿಯುತ್ತವೆ, ಆದರೆ ಮೊದಲ ಉಬ್ಬಿನ ಎತ್ತರ ತಗ್ಗುವುದಿಲ್ಲ ಎಂಬುದು ಈ ಫಿಲ್ಟರಿನ ಬಗ್ಗೆ ತಿಳಿದಿರಲೇಬೇಕಾದ ಸಂಗತಿ. N 20 ಇರಲಿ, 200 ಇರಲಿ, 2000 ಇರಲಿ, ಆ ಉಬ್ಬು 0.22ರ ಆಸುಪಾಸಿನಲ್ಲೇ, ಸುಮಾರು -13 ಡೆಸಿಬೆಲ್‌ನಲ್ಲೇ ನಿಲ್ಲುತ್ತದೆ, ಏಕೆಂದರೆ ಒಂದೂವರೆ ಆವರ್ತದಲ್ಲಿ ಜೊತೆಯಿಲ್ಲದೆ ಉಳಿಯುವ ಭಾಗ ಯಾವಾಗಲೂ ಮೂರನೆಯ ಒಂದೇ. ದೂರದ ಉಬ್ಬುಗಳಿಗೂ ಒಂದು ತಳವಿದೆ. ಸೂತ್ರದ ಛೇದದಲ್ಲಿರುವ ಸೈನ್ 1ನ್ನು ಮೀರಲಾರದು, ಆದ್ದರಿಂದ ಯಾವ ಉಬ್ಬಿನ ನೆತ್ತಿಯೂ 1/Nಗಿಂತ ಕೆಳಗೆ ಹೋಗದು. ನಮ್ಮ ಫಿಲ್ಟರಿನಲ್ಲಿ 475 ಹರ್ಟ್ಸ್‌ನಷ್ಟು ಎತ್ತರದ ಆವರ್ತನ ಕೂಡ ಶೇ. 5ರಷ್ಟು ದಾಟಿಬರುತ್ತದೆ.

ತಡೆಯಬೇಕಾದದ್ದನ್ನು ತಡೆಯದಿರುವ ಜೊತೆಗೆ, ಬಿಡಬೇಕಾದದ್ದನ್ನು ಪೂರ್ತಿಯಾಗಿ ಬಿಡುವುದೂ ಇಲ್ಲ. 10 ಹರ್ಟ್ಸ್‌ನ ನಿಜವಾದ ಬದಲಾವಣೆಯೊಂದು ಆಗಲೇ ಶೇ. 6ರಷ್ಟು ಕುಗ್ಗಿದೆ. ಗೇನ್ 0.707ಕ್ಕೆ ಇಳಿಯುವ ಮಿತಿ, ಅಂದರೆ -3 ಡೆಸಿಬೆಲ್ ಬಿಂದು, ಮೊದಲ ಸೊನ್ನೆಯ 0.44ರಷ್ಟು ದೂರದಲ್ಲಿ, ಸುಮಾರು 22 ಹರ್ಟ್ಸ್‌ನಲ್ಲಿ ಇದೆ. ಅದನ್ನು ದಾಟಿದ 24 ಹರ್ಟ್ಸ್‌ನಲ್ಲಿ ಫ್ಯಾನ್ ಒಂದಿಷ್ಟು ಸಮತೋಲ ತಪ್ಪಿ ಅಲುಗಾಡುತ್ತಿದ್ದರೆ ಆ ಅಲುಗಾಟದ ಮೂರನೆಯ ಎರಡು ಭಾಗ ಹಾಗೆಯೇ ಹೊರಗೆ ಬರುತ್ತದೆ. ಬಿಡುವ ಪ್ರದೇಶವೂ ಇಲ್ಲಿ ಇಳಿಜಾರೇ, ತಡೆಯುವ ಪ್ರದೇಶವಂತೂ ಉಬ್ಬುತಗ್ಗುಗಳ ಸಾಲು.

ಇಷ್ಟೆಲ್ಲ ದೋಷವಿದ್ದರೂ ಈ ಫಿಲ್ಟರಿಗೆ ಒಳ್ಳೆಯ ಹೆಸರಿರುವುದಕ್ಕೆ ನ್ಯಾಯವಾದ ಕಾರಣವಿದೆ. ಎಲ್ಲ ಆವರ್ತನಗಳಲ್ಲೂ ಸಮನಾಗಿ ಹರಡಿರುವ ಬಿಳಿ ಗದ್ದಲವನ್ನು ಅದು √N ಪಟ್ಟು ತಗ್ಗಿಸುತ್ತದೆ, 20 ಅಳತೆಗಳಿಗೆ ಸುಮಾರು 4.5 ಪಟ್ಟು, ಮತ್ತು ಅಳತೆಗಳಿಗೆ ಬೇರೆ ಬೇರೆ ಪಾಲು ಕೊಡುವ ಅಷ್ಟೇ ಉದ್ದದ ಯಾವ ಸರಾಸರಿಯೂ ಇದಕ್ಕಿಂತ ಹೆಚ್ಚು ತಗ್ಗಿಸಲಾರದು. ಚೀಲ ತಟ್ಟೆಯ ಮೇಲೆ ಬಿದ್ದಾಗ ಓದು 20 ಮಿಲಿಸೆಕೆಂಡಿನಲ್ಲಿ ನೇರವಾಗಿ ಏರಿ ಹೊಸ ತೂಕಕ್ಕೆ ನಿಲ್ಲುತ್ತದೆ, ಅದನ್ನು ಮೀರಿ ಹೋಗಿ ಹಿಂದಿರುಗುವುದಿಲ್ಲ. ಲೆಕ್ಕವೂ ಅಗ್ಗ: ಹೊಸ ಅಳತೆಯನ್ನು ಕೂಡಿಸಿ ಹಳೆಯದನ್ನು ಕಳೆದರೆ ಮುಗಿಯಿತು. (ಈ ಕೂಡು-ಕಳೆಯನ್ನು ಪೂರ್ಣಾಂಕಗಳಲ್ಲಿಯೇ ಮಾಡಬೇಕು. ಫ್ಲೋಟ್ ಬಳಸಿದರೆ ಪ್ರತಿ ಹೆಜ್ಜೆಯ ಚೂರುಪಾರು ತಪ್ಪು ಮೊತ್ತದಲ್ಲಿ ಉಳಿದು ಬೆಳೆಯುತ್ತಾ ಹೋಗುತ್ತದೆ.) ಆದರೆ ಗದ್ದಲ ಬಿಳಿಯಾಗಿಲ್ಲದೆ ಫ್ಯಾನಿನಂತೆ ಒಂದೆರಡು ಆವರ್ತನಗಳಲ್ಲಿ ಗುಂಪುಗೂಡಿದ್ದಾಗ √N ಎಂಬ ಭರವಸೆಗೆ ಅರ್ಥವಿಲ್ಲ. ಆಗ ಆ ಆವರ್ತನ ಸೊನ್ನೆಯ ಮೇಲಿದೆಯೇ ಉಬ್ಬಿನ ಮೇಲಿದೆಯೇ ಎಂಬುದೊಂದೇ ಪ್ರಶ್ನೆ.

ಆವರ್ತನಗಳು ಗೊತ್ತಿದ್ದು ಸ್ಥಿರವಾಗಿದ್ದರೆ ಸೊನ್ನೆಗಳನ್ನೇ ಆಯುಧವಾಗಿ ಬಳಸಬಹುದು. ಒಂದರ ಹಿಂದೆ ಒಂದರಂತೆ ಎರಡು ಚಲಿಸುವ ಸರಾಸರಿಗಳನ್ನು ಇಟ್ಟಾಗ ಗೇನ್‌ಗಳು ಗುಣಿಸಿಕೊಳ್ಳುತ್ತವೆ, ಆದ್ದರಿಂದ ಎರಡರ ಸೊನ್ನೆಗಳೂ ಉಳಿಯುತ್ತವೆ. 20 ಅಳತೆಗಳ ಮೊದಲನೆಯದು 50 ಹರ್ಟ್ಸ್ ಮತ್ತು ಅದರ ಗುಣಕಗಳನ್ನು ನೋಡಿಕೊಳ್ಳಲಿ. ಎರಡನೆಯದಕ್ಕೆ 42 ಅಳತೆಗಳನ್ನು ಆರಿಸಿದರೆ ಅದರ ಮೊದಲ ಸೊನ್ನೆ 23.8 ಹರ್ಟ್ಸ್‌ನಲ್ಲಿ, ಮೂರನೆಯದು 71.4 ಹರ್ಟ್ಸ್‌ನಲ್ಲಿ ಬೀಳುತ್ತದೆ. ರೆಕ್ಕೆಗಳ ಬಡಿತ ಸುತ್ತುವಿಕೆಯ ಮೂರು ಪಟ್ಟಾಗಿರುವುದರಿಂದ ಒಂದೇ ಆಯ್ಕೆ ಎರಡಕ್ಕೂ ಒದಗುತ್ತದೆ. ಒಟ್ಟು ಗೇನ್ 24 ಹರ್ಟ್ಸ್‌ನಲ್ಲಿ 0.005, 72ರಲ್ಲಿ 0.002, 50ರಲ್ಲಿ ಸೊನ್ನೆ. ಈ ಜೋಡಿಯ ಒಟ್ಟು ಉದ್ದ 61 ಅಳತೆ, ತಡ 30 ಮಿಲಿಸೆಕೆಂಡು. ಅಷ್ಟೇ ಉದ್ದ ಮತ್ತು ಅಷ್ಟೇ ತಡವಿರುವ 61 ಅಳತೆಗಳ ಒಂಟಿ ಸರಾಸರಿಯೊಡನೆ ಹೋಲಿಸಿದರೆ ವ್ಯತ್ಯಾಸ ಎದ್ದು ಕಾಣುತ್ತದೆ: ಅದರಲ್ಲಿ 24 ಹರ್ಟ್ಸ್ ಮೊದಲ ಉಬ್ಬಿನ ಹತ್ತಿರಕ್ಕೇ ಬಂದು 0.216ರಷ್ಟು ಸೋರುತ್ತದೆ, 72 ಹರ್ಟ್ಸ್ 0.069ರಷ್ಟು ಉಳಿಯುತ್ತದೆ, 50 ಹರ್ಟ್ಸ್ ಮಾತ್ರ ಮೂರನೆಯ ಸೊನ್ನೆಯ ನೆರೆಯಲ್ಲಿರುವುದರಿಂದ 0.016ಕ್ಕೆ ಇಳಿದಿರುತ್ತದೆ.

ಫ್ಯಾನಿನ ಮೋಟಾರಿಗೆ ವೇಗ ಬದಲಿಸುವ ವಿಎಫ್‌ಡಿ ಅಳವಡಿಸಿದ್ದರೆ ಈ ಉಪಾಯ ಕೈಕೊಡುತ್ತದೆ. ಸುತ್ತುವ ಆವರ್ತನ 20ರಿಂದ 30 ಹರ್ಟ್ಸ್‌ವರೆಗೆ ಎಲ್ಲಿ ಬೇಕಾದರೂ ನಿಲ್ಲಬಹುದಾದಾಗ ಯಾವ ಸೊನ್ನೆಯೂ ಅದನ್ನು ಬೆನ್ನಟ್ಟಲಾರದು, ಉಬ್ಬುಗಳನ್ನೇ ತಗ್ಗಿಸಬೇಕಾಗುತ್ತದೆ. ಉಬ್ಬುಗಳು ಇಷ್ಟು ಎತ್ತರವಿರಲು ಕಾರಣ ಕಿಟಕಿಯ ಎರಡೂ ಅಂಚುಗಳು ಕಡಿದಂತಿರುವುದು: ಒಂದು ಅಳತೆಗೆ ಪೂರ್ಣ ಪಾಲು, ಅದರ ನೆರೆಯದಕ್ಕೆ ಏನೂ ಇಲ್ಲ. ಅಂಚಿನ ಅಳತೆಗಳಿಗೆ ಕಡಿಮೆ, ನಡುವಿನವುಗಳಿಗೆ ಹೆಚ್ಚು ಪಾಲು ಕೊಟ್ಟು ಮೆಲ್ಲಗೆ ಏರಿ ಇಳಿಯುವಂತೆ ಮಾಡಿದರೆ ಉಬ್ಬುಗಳು ಕುಸಿಯುತ್ತವೆ. 100 ಅಳತೆಗಳಿಗೆ ಹ್ಯಾನ್ ಕಿಟಕಿ ಎಂಬ ಇಂಥದೊಂದು ಆಕಾರದ ಪಾಲುಗಳನ್ನು ಕೊಟ್ಟಾಗ ಮೊದಲ ಸೊನ್ನೆ ಸುಮಾರು 20 ಹರ್ಟ್ಸ್‌ನಲ್ಲಿ ಬೀಳುತ್ತದೆ, ಅಲ್ಲಿಂದ ಮೇಲಿನ ಯಾವ ಆವರ್ತನವೂ ಶೇ. 3ಕ್ಕಿಂತ ಹೆಚ್ಚು ದಾಟುವುದಿಲ್ಲ, ಮತ್ತು ಮುಂದಿನ ಉಬ್ಬುಗಳು ಆವರ್ತನ ಇಮ್ಮಡಿಯಾದಾಗ ಸುಮಾರು ಎಂಟನೆಯ ಒಂದು ಭಾಗಕ್ಕೆ ಇಳಿಯುತ್ತವೆ. 24 ಹರ್ಟ್ಸ್‌ನಲ್ಲಿ ಇದರ ಗೇನ್ 0.027. ಅದೇ 100 ಅಳತೆಗಳ ಸಾದಾ ಸರಾಸರಿಯಲ್ಲಿ ಅದು 0.126.

ಇದಕ್ಕೆ ತೆರಬೇಕಾದ ಬೆಲೆ ಎರಡು. ಅಷ್ಟೇ ಉದ್ದದ ಸಾದಾ ಸರಾಸರಿಯ ಮೊದಲ ಸೊನ್ನೆ 10 ಹರ್ಟ್ಸ್‌ನಲ್ಲಿದ್ದರೆ ಹ್ಯಾನ್ ಕಿಟಕಿಯದು ಅದರ ಎರಡು ಪಟ್ಟು ದೂರದಲ್ಲಿರುತ್ತದೆ, ಹಾಗಾಗಿ ಬಿಳಿ ಗದ್ದಲ ಸ್ವಲ್ಪ ಹೆಚ್ಚು ಒಳಗೆ ಬರುತ್ತದೆ. ಎರಡನೆಯದಾಗಿ, ಕೂಡು-ಕಳೆಯ ಸುಲಭದ ಹಾದಿ ಇಲ್ಲಿಲ್ಲ, ಪ್ರತಿ ಉತ್ತರಕ್ಕೂ 100 ಗುಣಾಕಾರಗಳು ಬೇಕು. ಆದರೆ ಪರದೆಗೆ ಸೆಕೆಂಡಿಗೆ 10 ಉತ್ತರಗಳು ಸಾಕಾಗಿರುವುದರಿಂದ, ತೋರಿಸುವ ಕ್ಷಣದಲ್ಲಿ ಮಾತ್ರ ಲೆಕ್ಕ ಹಾಕಿದರೆ ಒಟ್ಟು ಕೆಲಸ ಸೆಕೆಂಡಿಗೆ 1000 ಗುಣಾಕಾರಗಳಷ್ಟೇ ಆಗುತ್ತದೆ. ಎಸ್.ಪಿ. ರಸ್ತೆಯಲ್ಲಿ ಸಿಗುವ ಅತಿ ಅಗ್ಗದ ಮೈಕ್ರೋಕಂಟ್ರೋಲರ್ ಬೋರ್ಡ್‌ಗೂ ಅದು ಹೊರೆಯಲ್ಲ.